ಪಾವು, ಹಿಡಿ, ಚಿಟಿಕೆಯಿಂದ ಗ್ರಾಂವರೆಗೆ: ಮನೆಯ ಅಡುಗೆ ನೋಟ್‌ಬುಕ್ಕನ್ನು ಒಂದೇ ಅಳತೆಗೆ ತರುವ ಸಮಗ್ರ ಮಾರ್ಗದರ್ಶಿ

ಅಜ್ಜಿಯ ಅಥವಾ ಅಮ್ಮನ ಅಡುಗೆ ನೋಟ್‌ಬುಕ್ಕನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ, ಎಲ್ಲವನ್ನೂ ಗ್ರಾಂ ಲೆಕ್ಕಕ್ಕೆ ತಂದ ಮೇಲೂ ಅಡುಗೆ ಮೊದಲಿನಂತೆ ಬರುವುದಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಹೀಗೆ ಸೋತವರಲ್ಲಿ ಹೆಚ್ಚಿನವರು ಎಡವಿರುವುದು ಒಂದೇ ಜಾಗದಲ್ಲಿ. ಅವರು ನೋಟ್‌ಬುಕ್ಕಿನ ಪದಗಳನ್ನು ಯಾವುದೋ ಕೋಷ್ಟಕ ನೋಡಿ ಗ್ರಾಮಿಗೆ ಬದಲಿಸಿರುತ್ತಾರೆಯೇ ಹೊರತು, ಅಡುಗೆ ಮಾಡುವ ಕೈ ನಿಜವಾಗಿ ಎಷ್ಟು ತೆಗೆದುಕೊಳ್ಳುತ್ತದೆ ಎಂಬುದನ್ನು ತೂಗಿ ನೋಡಿರುವುದಿಲ್ಲ. ಆದ್ದರಿಂದ ಇಲ್ಲಿ ಹೇಳಿರುವ ಕ್ರಮದಲ್ಲಿ ಬರವಣಿಗೆ ಕೊನೆಗೆ ಬರುತ್ತದೆ, ತೂಕ ಮೊದಲು ಬರುತ್ತದೆ.

ಉದಾಹರಣೆಗೆ ನಮ್ಮ ಮನೆಯ ನೋಟ್‌ಬುಕ್ಕಿನ ಸಾರಿನಪುಡಿಯನ್ನೇ ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ. ಮೂಲದಲ್ಲಿ ಇರುವುದು ಇಷ್ಟೇ:

"ಸಾರಿನಪುಡಿ. ಕೊತ್ತಂಬರಿ 1 ಪಾವು, ಮೆಣಸಿನಕಾಯಿ 3 ಹಿಡಿ, ಜೀರಿಗೆ ಮೆಣಸು ಸಮ, ಮೆಂತ್ಯ 1 ಚಮಚ, ಸಾಸಿವೆ ಅಷ್ಟೇ, ಕರಿಬೇವು, ಇಂಗು. ಹದವಾಗಿ ಹುರಿದು ಕುಟ್ಟುವುದು."

## ಬೇಕಾಗುವ ಸಾಮಾನು

ಒಂದು ಗ್ರಾಂವರೆಗೆ ತೋರಿಸುವ, ಐದು ಕಿಲೋ ಹೊರುವ ಡಿಜಿಟಲ್ ತಕ್ಕಡಿ ಒಂದು ಸಾಕು. ಅದರಲ್ಲಿ ಐದು ಗ್ರಾಂಗಿಂತ ಕಡಿಮೆ ತೂಕವನ್ನು ನಂಬಬಾರದು. ಮೆಂತ್ಯ, ಸಾಸಿವೆಯಂಥ ಸಣ್ಣ ಪ್ರಮಾಣಗಳನ್ನು ಅಳೆಯಲು ಹತ್ತು ಚಮಚವನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಆಯಿತು. ಅದಕ್ಕಾಗಿ ಇನ್ನೊಂದು ತಕ್ಕಡಿ ಕೊಳ್ಳಬೇಕಾಗಿಲ್ಲ. ಇದಲ್ಲದೆ 5 ಮಿ.ಲೀ. ಮತ್ತು 15 ಮಿ.ಲೀ. ಅಳತೆ ಚಮಚಗಳು, ಒಂದು ಲೀಟರಿನ ಗೆರೆ ಹಾಕಿದ ಜಗ್ಗು, ಮೊಬೈಲಿನ ಗಡಿಯಾರ ಮತ್ತು ಪೆನ್ಸಿಲ್ ಬೇಕಾಗುತ್ತವೆ. ಒದ್ದೆ ಕೈಯಲ್ಲಿ ಮುಟ್ಟಿದರೂ ಅಳಿಸಿಹೋಗುವುದಿಲ್ಲ ಎಂಬ ಕಾರಣಕ್ಕೆ ಪೆನ್ಸಿಲ್ ಎಂದೆ.

## ಹಂತ 1: ಮೂಲವನ್ನು ಇದ್ದಂತೆಯೇ ನಕಲು ಮಾಡುವುದು

ಪ್ರತಿ ಪುಟದ ಫೋಟೊ ತೆಗೆದು, ಪ್ರತಿ ಅಡುಗೆಗೂ ಒಂದು ಸಂಖ್ಯೆ ಕೊಟ್ಟು, ಬರೆದಿರುವ ಪದಗಳನ್ನು ತಿದ್ದದೆ ಟೈಪ್ ಮಾಡಿಕೊಳ್ಳಬೇಕು. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಸೇರಿಸಿದ ಮಾತು, ಎಣ್ಣೆಯ ಕಲೆಯಿಂದ ಮಸುಕಾದ ಅಂಕಿ ಎಲ್ಲವನ್ನೂ ಇದ್ದಂತೆಯೇ ದಾಖಲಿಸಬೇಕು. ಈ ಪ್ರತಿಯನ್ನು ಮುಂದೆ ಎಂದೂ ತಿದ್ದಬಾರದು. ತಿದ್ದುಪಡಿಗಳೆಲ್ಲ ಇನ್ನೊಂದು ಪ್ರತಿಯಲ್ಲಿ ನಡೆಯಬೇಕು.

ಅನಂತರ ಕೆಂಪು ಪೆನ್ನಿನಿಂದ ಅಸ್ಪಷ್ಟ ಪದಗಳಿಗೆಲ್ಲ ಗುರುತು ಹಾಕಬೇಕು. ಮೇಲಿನ ಮೂರು ಸಾಲಿನ ಸಾರಿನಪುಡಿಯಲ್ಲಿ ನನಗೆ ಒಂಬತ್ತು ಗುರುತುಗಳು ಸಿಕ್ಕವು. ಪಾವು ತಲೆತಟ್ಟಿದ್ದೋ ರಾಶಿ ತುಂಬಿದ್ದೋ? ಹಿಡಿ ಯಾರದು? ಮೆಣಸಿನಕಾಯಿ ಯಾವ ಜಾತಿಯದು? ತೊಟ್ಟು ತೆಗೆದದ್ದೇ? 'ಸಮ' ಎಂದರೆ ಜೀರಿಗೆಯೂ ಮೆಣಸೂ ಪರಸ್ಪರ ಸಮವೋ, ಹಾಗಿದ್ದರೆ ಎಷ್ಟೆಷ್ಟು? ಯಾವ ಚಮಚ? ಕರಿಬೇವು ಎಷ್ಟು? ಇಂಗು ಎಷ್ಟು? 'ಹದ' ಎಂದರೇನು? ಈ ಪ್ರಶ್ನೆಗಳ ಪಟ್ಟಿಯೇ ಮುಂದಿನ ಹಂತಗಳ ಕೆಲಸ.

## ಹಂತ 2: ಒಂದು ವಸ್ತುವಿಗೆ ಒಂದೇ ಹೆಸರು

ಅಳತೆಗೆ ಕೈ ಹಾಕುವ ಮೊದಲು ಹೆಸರುಗಳನ್ನು ಸರಿಪಡಿಸಿಕೊಳ್ಳಬೇಕು. ಒಂದೇ ನೋಟ್‌ಬುಕ್ಕಿನಲ್ಲಿ ಎರಡು ಮೂರು ತಲೆಮಾರಿನವರು, ಬೇರೆ ಬೇರೆ ಊರಿನಿಂದ ಸೊಸೆಯಾಗಿ ಬಂದವರು ಬರೆದಿರುವುದರಿಂದ ಇಲ್ಲಿ ಆಗುವ ಎಡವಟ್ಟು ಸಣ್ಣದಲ್ಲ. ಹಳೇ ಮೈಸೂರಿನ ಕಡೆಯವರು 'ಮೆಣಸು' ಎಂದರೆ ಕಾಳುಮೆಣಸು. ಕರಾವಳಿಯ ಹಲವು ಮನೆಗಳಲ್ಲಿ ಅದೇ ಪದಕ್ಕೆ ಮೆಣಸಿನಕಾಯಿ ಎಂದು ಅರ್ಥ, ಕಾಳುಮೆಣಸಿಗೆ ಅಲ್ಲಿ 'ಒಳ್ಳೆಮೆಣಸು' ಎನ್ನುತ್ತಾರೆ. 'ಕೊತ್ತಂಬರಿ' ಎಂದಷ್ಟೇ ಇದ್ದರೆ ಬೀಜವೋ ಸೊಪ್ಪೋ ತಿಳಿಯುವುದಿಲ್ಲ. 'ಹುಳಿ' ಒಂದು ಸಾಲಿನಲ್ಲಿ ಹುಣಸೆಹಣ್ಣು, ಇನ್ನೊಂದು ಸಾಲಿನಲ್ಲಿ ಅಡುಗೆಯ ಹೆಸರು.

ಆದ್ದರಿಂದ ಎರಡು ಕಾಲಮ್ಮಿನ ಒಂದು ಪಟ್ಟಿ ಮಾಡಿಕೊಳ್ಳಿ. ಎಡಗಡೆ ನೋಟ್‌ಬುಕ್ಕಿನಲ್ಲಿ ಕಾಣುವ ಹೆಸರುಗಳು, ಬಲಗಡೆ ನೀವು ಇನ್ನು ಮುಂದೆ ಬಳಸುವ ಒಂದೇ ಹೆಸರು. ನಾನು ಕೊತ್ತಂಬರಿ ಬೀಜ, ಕೊತ್ತಂಬರಿ ಸೊಪ್ಪು, ಕಾಳುಮೆಣಸು, ಒಣಮೆಣಸಿನಕಾಯಿ, ಹುಣಸೆಹಣ್ಣು ಎಂದು ನಿಗದಿ ಮಾಡಿಕೊಂಡೆ. ಒಣಮೆಣಸಿನಕಾಯಿಯ ಮುಂದೆ ಜಾತಿಯ ಹೆಸರನ್ನೂ ಕಡ್ಡಾಯವಾಗಿ ಬರೆಯಬೇಕು. ಬ್ಯಾಡಗಿ ಬಣ್ಣ ಹೆಚ್ಚಾಗಿ ಖಾರ ಕಡಿಮೆಯಾಗಿ ಇರುವ ಕಾಯಿ, ಗುಂಟೂರು ಅದಕ್ಕಿಂತ ಬಹಳ ಖಾರ. ಜಾತಿ ಬರೆಯದೆ '60 ಗ್ರಾಂ ಒಣಮೆಣಸಿನಕಾಯಿ' ಎಂದರೆ ಆ ಅಂಕಿಗೆ ಬೆಲೆಯೇ ಇಲ್ಲ.

## ಹಂತ 3: ಮನೆಯ ಪಾತ್ರೆಗಳನ್ನು ತೂಗುವುದು

ನೋಟ್‌ಬುಕ್ಕಿನ ಪಾವು, ಲೋಟ, ಚಮಚ, ಸೌಟು ಎಂದರೆ ಆ ಮನೆಯಲ್ಲಿದ್ದ ಪಾತ್ರೆಗಳು. ಅವು ಇನ್ನೂ ಇದ್ದರೆ ಹುಡುಕಿ ತೆಗೆಯಿರಿ. ಖಾಲಿ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿದಾಗ ಬರುವ ಗ್ರಾಮೇ ಅದರ ಮಿಲಿಲೀಟರ್. ನಮ್ಮ ಹಿತ್ತಾಳೆಯ ಪಾವು 230 ಮಿ.ಲೀ. ಹಿಡಿಯಿತು. ಕೋಷ್ಟಕವೊಂದರಲ್ಲಿ 250 ಎಂದಿದ್ದುದನ್ನು ನಾನು ಮೊದಲು ನಂಬಿದ್ದೆ.

ಪಾತ್ರೆಯ ಅಳತೆ ಸಿಕ್ಕ ಮೇಲೆ, ಅದರಲ್ಲಿ ಹಾಕುವ ವಸ್ತುವನ್ನೇ ತುಂಬಿ ತೂಗಬೇಕು. ಏಕೆಂದರೆ ಒಂದು ಪಾವು ತೊಗರಿಬೇಳೆಯೂ ಒಂದು ಪಾವು ಕೊತ್ತಂಬರಿ ಬೀಜವೂ ತೂಕದಲ್ಲಿ ಎರಡು ಪಟ್ಟಿಗೂ ಮೀರಿ ವ್ಯತ್ಯಾಸವಾಗುತ್ತವೆ. ಕೊತ್ತಂಬರಿ ಬೀಜ ತಲೆತಟ್ಟಿದಾಗ 75 ಗ್ರಾಂ, ರಾಶಿ ತುಂಬಿದಾಗ 90 ಗ್ರಾಂ ಬಂದಿತು. ಅಮ್ಮನನ್ನು ಕೇಳಿದರೆ "ಪಾವು ಅಂದರೆ ಪಾವು" ಎಂದರು. ಡಬ್ಬದಲ್ಲಿ ಮುಳುಗಿಸಿ ಎತ್ತಿ ತೋರಿಸಿ ಎಂದಾಗ ರಾಶಿ ತುಂಬಿಯೇ ಎತ್ತಿದರು. ಬಾಯಿಮಾತಿನ ಉತ್ತರಕ್ಕಿಂತ ಎತ್ತಿದ ಪಾವನ್ನು ನಂಬಿ.

ಚಮಚದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. 'ಮೆಂತ್ಯ 1 ಚಮಚ' ಎಂಬುದನ್ನು ಊಟದ ಚಮಚವೆಂದು ತಿಳಿದು ಸುಮಾರು 12 ಗ್ರಾಂ ಹಾಕಿ, ಇಡೀ ಪುಡಿ ಕಹಿಯಾಗಿ, ಕೊನೆಗೆ ಗಿಡದ ಬುಡಕ್ಕೆ ಸುರಿಯಬೇಕಾಯಿತು. ಆ ಚಮಚ ಎಂದರೆ ಒಗ್ಗರಣೆ ಡಬ್ಬದೊಳಗೆ ಇರುವ ಪುಟ್ಟ ಚಮಚ. ಅದರಲ್ಲಿ ತುಂಬಿದ ಹತ್ತು ಚಮಚ ಮೆಂತ್ಯ 48 ಗ್ರಾಂ ತೂಗಿತು. ಅಂದರೆ ಒಂದಕ್ಕೆ ಸುಮಾರು 5 ಗ್ರಾಂ.

### ಸೇರಿನ ಬಗ್ಗೆ ಎಚ್ಚರಿಕೆ

ಸೇರು ಎಂಬ ಪದ ಅಳತೆಯೂ ಹೌದು, ತೂಕವೂ ಹೌದು. ತೂಕದ ಸೇರಿನಲ್ಲೂ 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ, ಹಳೇ ಮೈಸೂರಿನ 24 ತೊಲದ ಕಚ್ಚಾ ಸೇರು ಸುಮಾರು 280 ಗ್ರಾಂ. ಹಳೆಯ ಪುಟಗಳಲ್ಲಿ ಅಕ್ಕಿ, ಬೇಳೆಯ ಸೇರನ್ನು ಸಾಮಾನ್ಯವಾಗಿ ಅಳತೆಯೆಂದೂ ಬೆಲ್ಲ, ಹುಣಸೆಹಣ್ಣಿನ ಸೇರನ್ನು ತೂಕವೆಂದೂ ಓದಿಕೊಂಡು ನೋಡಬೇಕು.

ಯಾವುದೆಂದು ತಿಳಿಯದಿದ್ದರೆ ಅಡುಗೆಯ ಪ್ರಮಾಣವನ್ನೇ ಕೇಳಿ. ಹೋಳಿಗೆಯ ಹೂರಣಕ್ಕೆ 'ಕಡಲೆಬೇಳೆ 1 ಪಾವು, ಬೆಲ್ಲ ಮುಕ್ಕಾಲು ಸೇರು' ಎಂದಿತ್ತು ಎನ್ನೋಣ. ಒಂದು ಪಾವು ಕಡಲೆಬೇಳೆ 190 ಗ್ರಾಂ ಆಸುಪಾಸು. ಮುಕ್ಕಾಲು ಪಕ್ಕಾ ಸೇರು ಬೆಲ್ಲವೆಂದರೆ 700 ಗ್ರಾಂ. ಆ ಹೂರಣ ಉಂಡೆ ಕಟ್ಟುವುದಿರಲಿ, ಪಾಕವಾಗಿ ಹರಿಯುತ್ತದೆ. ಮುಕ್ಕಾಲು ಕಚ್ಚಾ ಸೇರೆಂದರೆ 210 ಗ್ರಾಂ, ಬೇಳೆಯ ತೂಕಕ್ಕೆ ಹತ್ತಿರ ಹತ್ತಿರ ಸಮ. ಹೂರಣಕ್ಕೆ ಹೊಂದುವುದು ಇದೇ.

## ಹಂತ 4: ಕೈಯ ಅಳತೆಯನ್ನು ಹಿಡಿಯುವುದು

ಹಿಡಿ, ಚಿಟಿಕೆ, 'ಸ್ವಲ್ಪ', 'ಬೇಕಾದಷ್ಟು' ಇವಕ್ಕೆ ಪಾತ್ರೆಯೇ ಇಲ್ಲ. ಅಡುಗೆ ಮಾಡುವವರನ್ನು ನಿಲ್ಲಿಸಿ "ತಡಿ, ತೂಗುತ್ತೇನೆ" ಎಂದರೆ ಕೈ ತಾನಾಗಿ ಎಚ್ಚರಗೊಳ್ಳುತ್ತದೆ, ಎಂದಿನಷ್ಟು ತೆಗೆಯುವುದಿಲ್ಲ. ಇದಕ್ಕೆ ಕಳೆಯುವ ಲೆಕ್ಕವೇ ಉಪಾಯ. ಅಡುಗೆ ಶುರುವಾಗುವ ಮುಂಚೆ ಉಪ್ಪಿನ ಜಾಡಿ, ಬೆಲ್ಲದ ಡಬ್ಬ, ಹುಣಸೆಹಣ್ಣಿನ ಭರಣಿ, ಎಣ್ಣೆಯ ಗಿಂಡಿ, ಪುಡಿಯ ಡಬ್ಬ ಎಲ್ಲವನ್ನೂ ಮುಚ್ಚಳದ ಸಮೇತ ತೂಗಿ ಬರೆದುಕೊಳ್ಳಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಬಳಸಿದ ಪ್ರಮಾಣ. ಅಡುಗೆಯವರಿಗೆ ಯಾವ ತೊಂದರೆಯೂ ಇಲ್ಲ, ಮಾತೂ ಬೇಕಿಲ್ಲ.

ನಾಲ್ಕು ಜನರ ಸಾರಿಗೆ ಅಮ್ಮ ಹಾಕುವ ಉಪ್ಪನ್ನು ಮೂರು ದಿನ ಹೀಗೆ ಹಿಡಿದೆ. ಮೊದಲ ದಿನ ಜಾಡಿ 842 ಗ್ರಾಂ ಇದ್ದುದು 831ಕ್ಕೆ ಇಳಿಯಿತು. ಅಂದರೆ 11 ಗ್ರಾಂ. ಉಳಿದ ಎರಡು ದಿನ 9 ಮತ್ತು 10. ಹಾಗಾಗಿ ಹಾಳೆಯಲ್ಲಿ 10 ಗ್ರಾಂ ಎಂದು ಬರೆದೆ. ಒಂದೇ ದಿನದ ಅಂಕಿಯನ್ನು ಎಂದೂ ನಂಬಬಾರದು, ಮೂರು ಸಲವಾದರೂ ಅಳೆಯಬೇಕು. ಮೂರು ಅಂಕಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಏರಿಳಿತ ಕಂಡರೆ ಅದು ಕೈತಪ್ಪಲ್ಲ. ಅಡುಗೆಯವರು ಏನನ್ನೋ ನೋಡಿ ಪ್ರಮಾಣ ಬದಲಿಸುತ್ತಿದ್ದಾರೆ ಎಂಬುದರ ಸೂಚನೆ. ನಮ್ಮಲ್ಲಿ ಹುಣಸೆಹಣ್ಣು 9, 15, 16 ಗ್ರಾಂ ಬಂದಿತು. ಕೇಳಿದಾಗ ಮೊದಲ ದಿನದ ಟೊಮೇಟೊ ನಾಟಿಯದು, ಹುಳಿ ಹೆಚ್ಚು ಎಂಬ ಕಾರಣ ಹೊರಬಂದಿತು. ಅಂಥ ಕಡೆ ಸರಾಸರಿ ತೆಗೆಯದೆ ಎರಡೂ ಅಂಕಿಗಳನ್ನು ಕಾರಣದೊಂದಿಗೆ ಬರೆಯಬೇಕು.

ಹಿಡಿಯನ್ನು ಮಾತ್ರ ನೇರವಾಗಿ ತೂಗಬಹುದು. ತೊಟ್ಟು ತೆಗೆದ ಬ್ಯಾಡಗಿಯನ್ನು ಅಮ್ಮನಿಂದ ಐದು ಸಲ ಹಿಡಿ ತುಂಬ ತೆಗೆಸಿದಾಗ 19, 22, 20, 21, 18 ಗ್ರಾಂ ಬಂದಿತು. ಒಂದು ಹಿಡಿಗೆ 20, ಮೂರು ಹಿಡಿಗೆ 60 ಗ್ರಾಂ. ನನ್ನ ಹಿಡಿ 27 ಗ್ರಾಂ ಇತ್ತು. ನೋಟ್‌ಬುಕ್ ನೋಡಿ ನಾನು ಮಾಡಿದ ಪುಡಿ ಯಾಕೆ ಯಾವಾಗಲೂ ಖಾರವಾಗುತ್ತಿತ್ತು ಎಂಬುದು ಅಂದು ತಿಳಿಯಿತು.

ನೀರನ್ನು ಮರೆಯಬಾರದು. 'ಬೇಕಾದಷ್ಟು ನೀರು' ಎಂಬುದನ್ನು ಹಾಕಿದ ಲೆಕ್ಕದಲ್ಲಿ ಹಿಡಿಯುವುದಕ್ಕಿಂತ ಕೊನೆಗೆ ಪಾತ್ರೆಯಲ್ಲಿ ಇರಬೇಕಾದ ಒಟ್ಟು ಪ್ರಮಾಣದಲ್ಲಿ ಹಿಡಿಯುವುದು ಸುಲಭ. ಸಾರು ಕುದಿ ಬಂದು ಇಳಿಸಿದಾಗ ಒಂದು ತೆಂಗಿನಗರಿಯ ಕಡ್ಡಿಯನ್ನು ನೆಟ್ಟಗೆ ಮುಳುಗಿಸಿ, ತೇವ ಏರಿದ ಜಾಗಕ್ಕೆ ಗುರುತು ಹಾಕಿ. ಊಟವಾದ ಮೇಲೆ ಅದೇ ಪಾತ್ರೆಗೆ ಆ ಗುರುತಿನವರೆಗೆ ಜಗ್ಗಿನಿಂದ ನೀರು ಸುರಿದರೆ ಪ್ರಮಾಣ ಸಿಗುತ್ತದೆ. ನಮ್ಮ ಸಾರು 1.2 ಲೀಟರ್.

## ಹಂತ 5: ಒಂದೇ ನಮೂನೆಯ ಹಾಳೆ

ಈಗ ಬರೆಯಲು ಕೂರಬಹುದು. ಎಲ್ಲ ಅಡುಗೆಗೂ ಹಾಳೆಯ ಕ್ರಮ ಒಂದೇ ಇರಬೇಕು: ಸಂಖ್ಯೆ ಮತ್ತು ಹೆಸರು, ಎಷ್ಟು ಜನಕ್ಕೆ ಅಥವಾ ಎಷ್ಟು ಗ್ರಾಂ ಸಿಗುತ್ತದೆ, ಹಿಂದಿನ ದಿನವೇ ಮಾಡಬೇಕಾದದ್ದು, ಸಾಮಾನಿನ ಪಟ್ಟಿ, ಮಾಡುವ ಕ್ರಮ, ತಪ್ಪಿದರೆ ಕಾಣುವ ಲಕ್ಷಣ.

ಸಾಮಾನಿನ ಪಟ್ಟಿಯಲ್ಲಿ ವಸ್ತುಗಳು ಬಳಕೆಯಾಗುವ ಕ್ರಮದಲ್ಲೇ ಬರಬೇಕು. ಗ್ರಾಂ ಮೊದಲು, ಚಮಚ ಅಥವಾ ಪಾವು ಅದರ ಪಕ್ಕದಲ್ಲಿ. ಬಹುಮುಖ್ಯವಾಗಿ, ತೂಗುವಾಗ ವಸ್ತು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಹೆಸರಿನ ಜೊತೆಗೇ ಬರೆಯಬೇಕು: ತೊಟ್ಟು ತೆಗೆದ ಮೆಣಸಿನಕಾಯಿ, ಬೀಜ ತೆಗೆದ ಹುಣಸೆಹಣ್ಣು, ಕಡ್ಡಿಯಿಂದ ಬಿಡಿಸಿದ ಕರಿಬೇವು, ಬೇಯಿಸುವ ಮುಂಚಿನ ಬೇಳೆ. ಬೆಂದ ಬೇಳೆ ನೀರು ಕುಡಿದು ಎರಡು ಪಟ್ಟಿಗೂ ಹೆಚ್ಚು ತೂಗುವುದರಿಂದ ಆ ಒಂದು ಪದ ಬಿಟ್ಟರೂ ಸಾರು ಬರೀ ತಿಳಿನೀರಾಗುತ್ತದೆ.

ಸಾರಿನಪುಡಿ, ಹುಳಿಪುಡಿಯಂಥ ಸಿದ್ಧಪುಡಿಗಳಿಗೆ ತಮ್ಮದೇ ಪ್ರತ್ಯೇಕ ಹಾಳೆ ಇರಲಿ. ಸಾರಿನ ಹಾಳೆಯಲ್ಲಿ 'ಸಾರಿನಪುಡಿ (ಹಾಳೆ 14), 12 ಗ್ರಾಂ' ಎಂದಷ್ಟೇ ಸಾಕು. ಪುಡಿಯನ್ನು ಪ್ರತಿ ಅಡುಗೆಯಲ್ಲೂ ಮತ್ತೆ ಬರೆದರೆ, ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಿದ್ದದೆ ಉಳಿದು, ವರ್ಷದೊಳಗೆ ಒಂದೇ ಪುಡಿಗೆ ಮೂರು ಅಳತೆಗಳಾಗುತ್ತವೆ.

## ಹಂತ 6: ಮಾಡುವ ಕ್ರಮವನ್ನು ಬರೆಯುವುದು

ಒಂದು ಸಂಖ್ಯೆಯ ಅಡಿ ಒಂದು ಕೆಲಸ ಮಾತ್ರ ಇರಬೇಕು. ಪಾತ್ರೆ ಬದಲಾದರೆ ಅಥವಾ ಉರಿ ಬದಲಾದರೆ ಹೊಸ ಸಂಖ್ಯೆ ಕೊಡಿ. ಪ್ರತಿ ಕೆಲಸಕ್ಕೂ ಅದು ಮುಗಿಯಿತೆಂದು ತಿಳಿಯುವ ಲಕ್ಷಣವನ್ನು ಮೊದಲು, ನಿಮಿಷವನ್ನು ಆಮೇಲೆ ಬರೆಯಿರಿ. ನಿಮಿಷ ನಿಮ್ಮ ಒಲೆಯದು, ನಿಮ್ಮ ಬಾಣಲೆಯದು. ಇನ್ನೊಬ್ಬರ ಮನೆಯಲ್ಲಿ ಅದು ನಿಲ್ಲುವುದಿಲ್ಲ.

'ಹದವಾಗಿ', 'ಎಂದಿನಂತೆ' ಎಂಬ ಪದಗಳನ್ನು ಅಂತಿಮ ಹಾಳೆಯಲ್ಲಿ ಉಳಿಸಬಾರದು. ಅವು ಕಂಡಲ್ಲೆಲ್ಲ ಬಣ್ಣ, ಸದ್ದು, ವಾಸನೆ, ಸ್ಪರ್ಶ ಇವುಗಳಲ್ಲಿ ಒಂದನ್ನಾದರೂ ಹೇಳಲೇಬೇಕು. ಮೂರು ಸಾಲಿನ ಆ ಸಾರಿನಪುಡಿ ಹೀಗೆ ಬದಲಾಯಿತು:

14. ಸಾರಿನಪುಡಿ (ಸಿಗುವುದು: ಸುಮಾರು 165 ಗ್ರಾಂ)

ಸಾಮಾನು: ಕೊತ್ತಂಬರಿ ಬೀಜ 90 ಗ್ರಾಂ, ಕಾಳುಮೆಣಸು 10 ಗ್ರಾಂ, ಜೀರಿಗೆ 10 ಗ್ರಾಂ, ಮೆಂತ್ಯ 5 ಗ್ರಾಂ, ಸಾಸಿವೆ 5 ಗ್ರಾಂ, ಎಣ್ಣೆ 5 ಮಿ.ಲೀ.; ತೊಟ್ಟು ತೆಗೆದ ಬ್ಯಾಡಗಿ ಒಣಮೆಣಸಿನಕಾಯಿ 60 ಗ್ರಾಂ; ಬಿಡಿಸಿ ತೊಳೆದು ಆರಿಸಿದ ಕರಿಬೇವು 6 ಗ್ರಾಂ; ಪುಡಿ ಇಂಗು 1 ಗ್ರಾಂ.

1. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೊತ್ತಂಬರಿ ಬೀಜವನ್ನು ಕೈ ಬಿಡದೆ ಹುರಿಯಿರಿ. ಘಮ ಬಂದು, ಒಂದು ಬೀಜವನ್ನು ಉಗುರಿನಲ್ಲಿ ಒತ್ತಿದರೆ ಚಟ್ಟನೆ ಒಡೆಯಬೇಕು (5ರಿಂದ 6 ನಿಮಿಷ). ಅಗಲವಾದ ತಟ್ಟೆಗೆ ಸುರಿಯಿರಿ.
2. ಅದೇ ಬಾಣಲೆಯಲ್ಲಿ ಕಾಳುಮೆಣಸು ಮತ್ತು ಜೀರಿಗೆಯನ್ನು ಜೀರಿಗೆಯ ಬಣ್ಣ ಒಂದು ಛಾಯೆ ಗಾಢವಾಗುವವರೆಗೆ ಹುರಿದು ತಟ್ಟೆಗೆ ಸೇರಿಸಿ.
3. ಮೆಂತ್ಯವನ್ನು ಒಂಟಿಯಾಗಿಯೇ ಹುರಿಯಿರಿ. ಕೆಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಿರಿ (ಒಂದೂವರೆ ನಿಮಿಷ). ಕಂದು ಕಪ್ಪಾದರೆ ಎಸೆದು ಬೇರೆ ಹುರಿಯಿರಿ. ಆ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ.
4. ಸಾಸಿವೆಯನ್ನು ಚಟಪಟ ಸದ್ದು ಮುಗಿಯುವವರೆಗೆ ಹುರಿದು ತಟ್ಟೆಗೆ ಹಾಕಿ.
5. ಎಣ್ಣೆ ಹಾಕಿ ಮೆಣಸಿನಕಾಯಿ ಮತ್ತು ಕರಿಬೇವನ್ನು ಹುರಿಯಿರಿ. ಕಾಯಿ ಉಬ್ಬಿ, ಆರಿದ ಮೇಲೆ ಮುರಿದರೆ ಗರಿಗರಿ ಎನ್ನಬೇಕು. ಬಣ್ಣ ಕೆಂಪಾಗಿಯೇ ಇರಬೇಕು. ಘಾಟು ಮೂಗಿಗೆ ಏರಿದರೆ ಉರಿ ಹೆಚ್ಚಾಯಿತೆಂದು ತಿಳಿಯಿರಿ.
6. ಒಲೆ ಆರಿಸಿ, ಬಿಸಿ ಬಾಣಲೆಯಲ್ಲೇ ಇಂಗನ್ನು ಬೆರೆಸಿ, ಎಲ್ಲವನ್ನೂ ತಟ್ಟೆಯಲ್ಲಿ ಅರ್ಧ ಗಂಟೆ ಆರಬಿಡಿ. ಬಿಸಿಯಾಗಿದ್ದಾಗಲೇ ಮಿಕ್ಸಿಗೆ ಹಾಕಿದರೆ ಪುಡಿ ಬೆವರಿ ಮುದ್ದೆಯಾಗುತ್ತದೆ.
7. ಪುಡಿ ಮಾಡಿ ಜರಡಿ ಹಿಡಿಯಿರಿ. ಉಳಿದ ತರಿಯನ್ನು ಮತ್ತೊಮ್ಮೆ ಪುಡಿ ಮಾಡಿ ಬೆರೆಸಿ.

ಸಿಗುವ ಪುಡಿಯ ತೂಕ ಬರೆದದ್ದು ಸುಮ್ಮನೆ ಅಲ್ಲ. ಹಾಕಿದ್ದು 190 ಗ್ರಾಂ ಆಸುಪಾಸು. ಹುರಿಯುವಾಗ ತೇವ ಹೋಗಿ, ಮಿಕ್ಸಿಯಲ್ಲಿ ಸ್ವಲ್ಪ ಅಂಟಿಕೊಂಡು 165 ಆಗುತ್ತದೆ. ಮಾಡಿದವರಿಗೆ 180 ಬಂದರೆ ಹುರಿದದ್ದು ಸಾಲದು, ಆ ಪುಡಿಯಲ್ಲಿ ತೇವ ಉಳಿದಿದೆ, ಬೇಗ ಕೆಡುತ್ತದೆ.

## ಹಂತ 7: ಬೇರೆಯವರ ಕೈಯಲ್ಲಿ ಮಾಡಿಸುವುದು

ಹಾಳೆಯನ್ನು ಈ ಅಡುಗೆ ಎಂದೂ ಮಾಡದವರ ಕೈಗೆ ಕೊಟ್ಟು, ಅವರ ಅಡುಗೆಮನೆಯಲ್ಲೇ, ನೀವು ಪಕ್ಕದಲ್ಲಿ ನಿಲ್ಲದೆ ಮಾಡಿಸಬೇಕು. ಅವರು ಫೋನ್ ಮಾಡಿ ಕೇಳುವ ಪ್ರತಿಯೊಂದು ಪ್ರಶ್ನೆಯೂ ಹಾಳೆಯಲ್ಲಿರುವ ಒಂದು ತೂತು. ಉತ್ತರವನ್ನು ಫೋನಿನಲ್ಲಿ ಹೇಳಿ ಮುಗಿಸಿಬಿಡುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೊದಲು ಹಾಳೆಯಲ್ಲಿ ಬರೆದು, ತಿದ್ದಿದ ಹಾಳೆಯನ್ನೇ ಮತ್ತೆ ಕಳುಹಿಸಬೇಕು.

ನಮ್ಮ ಚಿಕ್ಕಮ್ಮನ ಮಗಳಿಗೆ ಕೊಟ್ಟ ಮೊದಲ ಹಾಳೆಯಲ್ಲಿ ಬಾಣಲೆ ಯಾವುದೆಂದು ಇರಲಿಲ್ಲ, 'ಆರು ನಿಮಿಷ ಹುರಿಯಿರಿ' ಎಂದಷ್ಟೇ ಇತ್ತು. ಅವಳ ತೆಳು ಬಾಣಲೆಯಲ್ಲಿ ಮೂರನೇ ನಿಮಿಷಕ್ಕೇ ಕೊತ್ತಂಬರಿ ಕಂದಿತು, ಆದರೂ ಆರು ನಿಮಿಷ ಹುರಿದಳು. ಅವಳಿಗೆ ಸಿಕ್ಕಿದ್ದು 150 ಗ್ರಾಂ ಮಾತ್ರ. ಸುಟ್ಟದ್ದರಿಂದಲೇ ಇರಬೇಕು ಎಂದುಕೊಂಡೆ. ವಿಚಾರಿಸಿದರೆ ಜರಡಿಯ ಮೇಲಿನ ತರಿಯನ್ನು ಎಸೆದಿದ್ದಳು. 'ದಪ್ಪ ತಳದ', 'ಉಗುರಿನಲ್ಲಿ ಒತ್ತಿದರೆ', 'ತರಿಯನ್ನು ಮತ್ತೊಮ್ಮೆ' ಎಂಬ ಮೂರು ಮಾತುಗಳೂ ಮೇಲಿನ ಹಾಳೆಗೆ ಸೇರಿದ್ದು ಆಮೇಲೆಯೇ.

ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ತಾರೀಖು ಮತ್ತು ಕಾರಣ ಬರೆಯಿರಿ. ಇಬ್ಬರು ಬೇರೆ ಬೇರೆ ಮನೆಯವರು ಪ್ರಶ್ನೆಯೇ ಕೇಳದೆ ಮಾಡಿ, ತೂಕವೂ ರುಚಿಯೂ ಹೊಂದಿದ ಮೇಲೆ ಆ ಹಾಳೆಯನ್ನು ಮುಗಿಯಿತೆಂದು ಬದಿಗಿಡಬಹುದು.

## ಅಂಕಿಗೆ ಸಿಗದವು

ಕೆಲವು ಅಡುಗೆಗಳನ್ನು ಒಂದೇ ಅಂಕಿಗೆ ಕಟ್ಟಲು ಹೋಗಬಾರದು. ದೋಸೆ ಹಿಟ್ಟು ಹುದುಗುವ ಹೊತ್ತು ಮೈಸೂರಿನ ಚಳಿಗಾಲದಲ್ಲೂ ರಾಯಚೂರಿನ ಬೇಸಿಗೆಯಲ್ಲೂ ಒಂದೇ ಆಗಿರುವುದಿಲ್ಲ. ಅಲ್ಲಿ ಗಂಟೆಯ ಬದಲು ಪಾತ್ರೆಯಲ್ಲಿ ಹಿಟ್ಟು ಎಷ್ಟು ಏರಬೇಕು ಎಂಬುದನ್ನು ಬರೆಯಿರಿ. ಹಳೆ ಹುಣಸೆಹಣ್ಣಿಗೂ ಹೊಸದಕ್ಕೂ ಹುಳಿಯಲ್ಲಿ ವ್ಯತ್ಯಾಸ ಇರುವುದರಿಂದ '12ರಿಂದ 16 ಗ್ರಾಂ; ಮೊದಲು 12 ಹಾಕಿ, ಕುದಿದ ಮೇಲೆ ರುಚಿ ನೋಡಿ' ಎಂದು ಕೆಳಗಿನ ಅಂಕಿಯಿಂದ ಹೊರಡುವಂತೆ ಬರೆಯಬೇಕು.

ಉಪ್ಪಿನಕಾಯಿಯಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ ಉಪ್ಪು ಕೆಡದಂತೆ ಕಾಯುವ ವಸ್ತುವೂ ಆಗಿರುವುದರಿಂದ 'ರುಚಿಗೆ ತಕ್ಕಷ್ಟು' ಎಂದು ಬಿಡುವಂತಿಲ್ಲ. ನೋಟ್‌ಬುಕ್ಕಿನಲ್ಲಿ 'ಕಾಯಿಯ ಕಾಲು ಭಾಗ ಉಪ್ಪು' ಎಂಬಂಥ ಮಾತಿದ್ದರೆ ಅದು ಅಳತೆಯೋ ತೂಕವೋ ಎಂಬುದನ್ನು ತೀರ್ಮಾನಿಸಿ, ಅದೇ ಮನೆಯಲ್ಲಿ ವರ್ಷವಿಡೀ ಕೆಡದೆ ನಿಂತ ಜಾಡಿಯ ಪ್ರಮಾಣವನ್ನೇ ಹಾಳೆಗೆ ಹತ್ತಿಸಿ. ಕಲ್ಲುಪ್ಪೋ ಪುಡಿಯುಪ್ಪೋ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಒಂದೇ ಪಾವಿನಲ್ಲಿ ಅಳೆದರೂ ಇವೆರಡರ ತೂಕ ಒಂದೇ ಬರುವುದಿಲ್ಲ.